187 ಪಾಯಿಂಟ್‌ನ ದಿನಬಾಡಿಗೆ

ಮೊದಲ ದಿನ ಬೆಳಿಗ್ಗೆ ನಿಫ್ಟಿ 110 ಪಾಯಿಂಟ್ ಏರಿತು. ಒಂದು ಲಾಟ್ ಫ್ಯೂಚರ್ಸ್ ಮಾರಿದೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಅದು ಏರಿದಷ್ಟೇ ಇಳಿದು ಹೊರಟ ಜಾಗಕ್ಕೆ ಬಂದಿತ್ತು. ಮಾರಿದ್ದನ್ನು ವಾಪಸ್ ಕೊಂಡೆ. 110 ಪಾಯಿಂಟ್, 75ರ ಲಾಟ್, 8,250 ರೂಪಾಯಿ. ಕೈಯಲ್ಲಿದ್ದ ಆಪ್ಷನ್ನುಗಳು ಬೆಳಿಗ್ಗೆ ಎಲ್ಲಿದ್ದವೋ ಹೆಚ್ಚುಕಮ್ಮಿ ಅಲ್ಲೇ ಇದ್ದವು. ಏರಿದರೂ ದುಡ್ಡು, ಇಳಿದರೂ ದುಡ್ಡು, ಇದನ್ನು ಯಾರೂ ಯಾಕೆ ಮಾಡುತ್ತಿಲ್ಲ ಅಂತ ನಿಜಕ್ಕೂ ಅನ್ನಿಸಿತು. ಸಂಜೆ ಖಾತೆ ನೋಡಿದರೆ ನಾಲ್ಕು ಸಾವಿರ ನಷ್ಟ.

ಆ ಎರಡು ಅಂಕಿಗಳ ನಡುವಿನ ಹನ್ನೆರಡು ಸಾವಿರ ಎಲ್ಲಿಗೆ ಹೋಯಿತು ಎಂಬುದು ಅರ್ಥವಾಗಲು ನನಗೆ ಐದು ದಿನ ಬೇಕಾಯಿತು. ಅಂಕಗಣಿತ ಗೊತ್ತಿರಲಿಲ್ಲ ಅಂತಲ್ಲ. ಪುಸ್ತಕದಲ್ಲಿ ಓದಿದ್ದೆ, ಆದರೆ ಸ್ವಂತ ದುಡ್ಡಿನಲ್ಲಿ ಓದಿರಲಿಲ್ಲ.

ಇದು 2025ರ ಮಳೆಗಾಲದ ಮಾತು. ಆಗ ನಿಫ್ಟಿಯ ಲಾಟ್ 75. ಓದಲು ಸುಲಭವಾಗಲಿ ಅಂತ ನನ್ನ ನೋಟ್‌ಬುಕ್ಕಿನ ಅಂಕಿಗಳನ್ನು ಇಲ್ಲಿ ದುಂಡಗೆ ಮಾಡಿದ್ದೇನೆ. ನಿಫ್ಟಿ ಫ್ಯೂಚರ್ಸ್ 25,000 ಅಂತಿಟ್ಟುಕೊಳ್ಳಿ. ತಿಂಗಳ ಎಕ್ಸ್‌ಪೈರಿಗೆ 30 ದಿನ, ಅಂದರೆ 21 ವಹಿವಾಟಿನ ದಿನ ಬಾಕಿ. ಐವಿ, ಅಂದರೆ ಆಪ್ಷನ್ ಬೆಲೆಯೊಳಗೆ ಅಡಗಿರುವ ಏರಿಳಿತದ ಅಂದಾಜು, 12 ಪರ್ಸೆಂಟ್. 25,000 ಸ್ಟ್ರೈಕಿನ ಕಾಲ್ ಮತ್ತು ಪುಟ್ ಎರಡೂ ಸೇರಿದ ಸ್ಟ್ರ್ಯಾಡಲ್‌ನ ಬೆಲೆ 686. ಹತ್ತು ಲಾಟ್ ಕೊಂಡೆ. 5,14,500 ರೂಪಾಯಿ ಪ್ರೀಮಿಯಂ ಕೊಟ್ಟಾಯಿತು.

ಹತ್ತೇ ಲಾಟ್ ಯಾಕೆ ಅಂದರೆ ಅದಕ್ಕೊಂದು ಕಾರಣವಿದೆ, ದೊಡ್ಡಸ್ತಿಕೆಯಲ್ಲ. ನಿಫ್ಟಿ ಒಂದು ಪಾಯಿಂಟ್ ಸರಿದರೆ ಆಪ್ಷನ್ ಬೆಲೆ ಎಷ್ಟು ಸರಿಯುತ್ತದೆ ಎಂಬುದು ಡೆಲ್ಟಾ. 750 ಕಾಲ್‌ಗಳ ಡೆಲ್ಟಾ ಸುಮಾರು +375, 750 ಪುಟ್‌ಗಳದ್ದು −375. ಎರಡೂ ಕೂಡಿ ಸೊನ್ನೆ. ಮಾರುಕಟ್ಟೆ ಒಂದು ಪಾಯಿಂಟ್ ಏರಿದರೂ ಇಳಿದರೂ ಸದ್ಯಕ್ಕೆ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ನಿಫ್ಟಿ ಏರುತ್ತಾ ಹೋದಂತೆ ಕಾಲ್ ಬಲಿಯುತ್ತದೆ, ಪುಟ್ ಸೊರಗುತ್ತದೆ, ಆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ. ಒಂದೊಂದು ಪಾಯಿಂಟಿಗೆ ಡೆಲ್ಟಾ ಎಷ್ಟು ಬದಲಾಗುತ್ತದೆ ಎಂಬುದೇ ಗ್ಯಾಮಾ. ನನ್ನ ಹತ್ತು ಲಾಟಿಗೆ ಅದು ಸುಮಾರು 0.7. ಅಂದರೆ 108 ಪಾಯಿಂಟ್ ಏರಿದರೆ ನನ್ನ ಹತ್ತಿರ +75 ಡೆಲ್ಟಾ ಸೇರಿಕೊಂಡಿರುತ್ತದೆ. ಒಂದು ಲಾಟ್ ಫ್ಯೂಚರ್ಸ್ ಮಾರಿದರೆ ಮತ್ತೆ ಸೊನ್ನೆ. ಹೀಗೆ ಸೊನ್ನೆಗೆ ತರುವುದೇ ಹೆಡ್ಜ್.

ನಮ್ಮಂಥ ಸಣ್ಣವರಿಗೆ ಇಲ್ಲೇ ತೊಡಕು. ಫ್ಯೂಚರ್ಸ್‌ನಲ್ಲಿ ಅರ್ಧ ಲಾಟ್ ಅಂತಿಲ್ಲ. ಒಂದೇ ಲಾಟ್ ಸ್ಟ್ರ್ಯಾಡಲ್ ಕೊಂಡವನು ಒಂದು ಲಾಟ್ ಫ್ಯೂಚರ್ಸ್ ಮಾರಬೇಕಾದರೆ ನಿಫ್ಟಿ ಸಾವಿರ ಪಾಯಿಂಟ್ ಓಡುವವರೆಗೂ ಕಾಯಬೇಕು. ಹಾಗಾಗಿ ಹತ್ತು ಲಾಟ್, ನೂರಹತ್ತು ಪಾಯಿಂಟಿಗೆ ಒಂದು ಹೆಡ್ಜ್. ಇದಕ್ಕಿಂತ ಸೂಕ್ಷ್ಮವಾಗಿ ಹೊಂದಿಸಬೇಕೆಂದರೆ ಇನ್ನೂ ಹೆಚ್ಚು ಬಂಡವಾಳ ಬೇಕು. ಅದು ನನ್ನಲ್ಲಿರಲಿಲ್ಲ.

ಹೆಡ್ಜಿಗೆ ಅದೇ ತಿಂಗಳ ಫ್ಯೂಚರ್ಸನ್ನೇ ಬಳಸಿದೆ, ಡೆಲ್ಟಾವನ್ನೂ ಫ್ಯೂಚರ್ಸ್ ಬೆಲೆಯಿಂದಲೇ ಲೆಕ್ಕ ಹಾಕಿದೆ. ಸ್ಪಾಟ್ ಬೆಲೆ ಹಾಕಿ ಲೆಕ್ಕ ಮಾಡಿದರೆ ಒಂದೇ ಸ್ಟ್ರೈಕಿನ ಕಾಲ್‌ಗೆ ಒಂದು ಐವಿ, ಪುಟ್‌ಗೆ ಇನ್ನೊಂದು ಐವಿ ಬಂದು ತಲೆ ಕೆಡುತ್ತದೆ. ಮೊದಲ ಸಲ ಅದನ್ನು ನೋಡಿ ಯಾವುದೋ ಅಗ್ಗದ ಆಪ್ಷನ್ ಸಿಕ್ಕಿತು ಅಂತ ಹಿಗ್ಗಿದ್ದೆ.

ಈಗ ಬಾಡಿಗೆಯ ವಿಚಾರ. ಸ್ಟ್ರ್ಯಾಡಲ್ ಕೊಂಡವನು ದಿನವೂ ಥೀಟಾ ಕಟ್ಟಬೇಕು. ಮಾರುಕಟ್ಟೆ ನಿಂತಲ್ಲೇ ನಿಂತರೂ ಆಪ್ಷನ್ನಿನ ಬೆಲೆ ಕರಗುತ್ತದೆ. ನನ್ನ ಪರದೆ ದಿನಕ್ಕೆ 8,600 ಅಂತ ತೋರಿಸುತ್ತಿತ್ತು, ನಾನೂ ಅದನ್ನೇ ನಂಬಿದ್ದೆ. ಅದು ಕ್ಯಾಲೆಂಡರ್ ದಿನದ ಲೆಕ್ಕ, ಶನಿವಾರ ಭಾನುವಾರವೂ ಅದರಲ್ಲಿವೆ. ಆದರೆ ನಾನು ಹೆಡ್ಜ್ ಮಾಡಿ ದುಡಿಯಲು ಸಾಧ್ಯವಿರುವುದು ವಹಿವಾಟಿನ ದಿನಗಳಲ್ಲಿ ಮಾತ್ರ. ಮೂವತ್ತು ದಿನದ ಬಾಡಿಗೆಯನ್ನು ಇಪ್ಪತ್ತೊಂದು ದಿನದ ದುಡಿಮೆಯಲ್ಲಿ ತುಂಬಬೇಕು. ಹಾಗೆ ಹಂಚಿದರೆ ದಿನಕ್ಕೆ 16.3 ಪಾಯಿಂಟ್, ಅಂದರೆ 12,250 ರೂಪಾಯಿ. ಮೊದಲ ದಿನದ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. 8,250 ದುಡಿದೆ, 12,250 ಬಾಡಿಗೆ ಕಟ್ಟಿದೆ.

ದುಡಿಮೆಯ ಲೆಕ್ಕ ಇದು. ಎರಡು ಹೆಡ್ಜ್‌ಗಳ ನಡುವೆ ನಿಫ್ಟಿ ಎಷ್ಟು ಪಾಯಿಂಟ್ ಸರಿಯಿತೋ ಅದರ ವರ್ಗವನ್ನು ಗ್ಯಾಮಾದಿಂದ ಗುಣಿಸಿ ಅರ್ಧ ಮಾಡಬೇಕು:

```
ಗಳಿಕೆ = ½ × Γ × (ΔS)²
```

ಈ ವರ್ಗದಲ್ಲೇ ಎಲ್ಲ ಇದೆ. ನೂರು ಪಾಯಿಂಟ್ ಸರಿದರೆ ಸುಮಾರು 3,500 ರೂಪಾಯಿ. ಮುನ್ನೂರು ಸರಿದರೆ ಅದರ ಮೂರು ಪಟ್ಟಲ್ಲ, ಒಂಬತ್ತು ಪಟ್ಟು, 31,000 ದಾಟುತ್ತದೆ. 12,250ರ ಬಾಡಿಗೆ ಹುಟ್ಟಬೇಕಾದರೆ ದಿನಕ್ಕೆ 187 ಪಾಯಿಂಟ್ ಸರಿಯಬೇಕು. ಈ 187 ಆಕಾಶದಿಂದ ಉದುರಿದ್ದಲ್ಲ. ವರ್ಷಕ್ಕೆ 12 ಪರ್ಸೆಂಟ್ ಏರಿಳಿತ ಅಂದರೆ ದಿನಕ್ಕೆ ಎಷ್ಟು ಎಂದು ತಿಳಿಯಲು ಅದನ್ನು 16ರಿಂದ ಭಾಗಿಸುತ್ತಾರೆ, 252 ವಹಿವಾಟಿನ ದಿನಗಳ ವರ್ಗಮೂಲ ಹತ್ತಿರಹತ್ತಿರ 16. ಮುಕ್ಕಾಲು ಪರ್ಸೆಂಟ್ ಬಂತು, 25,000ಕ್ಕೆ ಅದು 187. ಐವಿ ಅಂದರೆ ಮಾರಿದವನು ನನ್ನಿಂದ ಕೇಳುತ್ತಿದ್ದ ದಿನಬಾಡಿಗೆ, ಪಾಯಿಂಟುಗಳ ಲೆಕ್ಕದಲ್ಲಿ.

ಎರಡನೇ ದಿನ ಏನೂ ಆಗಲಿಲ್ಲ. ನಿಫ್ಟಿ ಇಡೀ ದಿನ ತೂಕಡಿಸಿ 60 ಪಾಯಿಂಟ್ ಮೇಲೆ ಮುಗಿಯಿತು. ಗಳಿಕೆ 1,250, ಬಾಡಿಗೆ ಹೋಗಿ ಹನ್ನೊಂದು ಸಾವಿರ ನಷ್ಟ. ಇಂಥ ದಿನ ಹೆಡ್ಜ್ ಮಾಡಲೂ ಕೆಲಸವಿಲ್ಲ. ಸುಮ್ಮನೆ ಕೂತು ದುಡ್ಡು ಕರಗುವುದನ್ನು ನೋಡುವುದಷ್ಟೇ. ಆಪ್ಷನ್ ಕೊಂಡವರ ದಿನಗಳಲ್ಲಿ ಬಹುಪಾಲು ಹೀಗೇ ಇರುತ್ತವೆ ಎಂಬುದನ್ನು ಯಾರೂ ವಿಡಿಯೋ ಮಾಡಿ ಹೇಳುವುದಿಲ್ಲ.

ಮೂರನೇ ದಿನ ನನ್ನನ್ನು ಕೆಡಿಸಿತು. ಬೆಳಿಗ್ಗೆ ಏರಲು ಶುರುವಾದ ನಿಫ್ಟಿ ಎಲ್ಲೂ ನಿಲ್ಲಲಿಲ್ಲ. 110ಕ್ಕೆ ಒಂದು ಲಾಟ್ ಮಾರಿದೆ. 220ಕ್ಕೆ ಇನ್ನೊಂದು. 330ಕ್ಕೆ ಮೂರನೆಯದು, ಅಲ್ಲಿಗೆ ದಿನ ಮುಗಿಯಿತು. ಆಪ್ಷನ್ನುಗಳಲ್ಲಿ 37,900 ಲಾಭ. ಆದರೆ ಮೊದಲೆರಡು ಲಾಟ್ ಫ್ಯೂಚರ್ಸ್ 24,750 ನಷ್ಟದಲ್ಲಿದ್ದವು. ಉಳಿದಿದ್ದು 13,150, ಬಾಡಿಗೆ ಕಳೆದರೆ ಒಂಬೈನೂರು. ನಡುವೆ ಏನನ್ನೂ ಮುಟ್ಟದೆ ಮೂರೂವರೆಗೆ ಒಂದೇ ಸಲ ಹೆಡ್ಜ್ ಮಾಡಿದ್ದರೆ ಬಾಡಿಗೆ ಕಳೆದು 25,650 ಉಳಿಯುತ್ತಿತ್ತು. ನೂರಹತ್ತರ ವರ್ಗವನ್ನು ಮೂರು ಸಲ ಕೂಡಿಸಿದ್ದಕ್ಕೂ ಮುನ್ನೂರಮೂವತ್ತರ ವರ್ಗಕ್ಕೂ ಮೂರು ಪಟ್ಟು ವ್ಯತ್ಯಾಸ. ರಾತ್ರಿ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ಜಾಣನಾದೆ. ಇವತ್ತು ಸಂಜೆಯವರೆಗೂ ಮುಟ್ಟುವುದಿಲ್ಲ ಅಂತ ಶಪಥ. ನಿಫ್ಟಿ 220 ಪಾಯಿಂಟ್ ಇಳಿಯಿತು. ಪರದೆಯ ಮೇಲೆ ಹದಿನೇಳು ಸಾವಿರ ಹಸಿರು. ಮುಟ್ಟಲಿಲ್ಲ. ಎರಡು ಗಂಟೆಗೆ ತಿರುಗಿತು, ಮೂರೂಕಾಲಿಗೆ ಹೊರಟ ಜಾಗದಲ್ಲೇ ಬಂದು ನಿಂತಿತು. ಗಳಿಕೆ ಸೊನ್ನೆ, ಬಾಡಿಗೆ ಪೂರ್ತಿ. ಮಾಮೂಲಿನಂತೆ ನೂರಹತ್ತಕ್ಕೊಂದು ಲಾಟ್ ಕೊಂಡು, ಬರುವ ದಾರಿಯಲ್ಲಿ ಮಾರಿದ್ದರೆ 16,500 ಬರುತ್ತಿತ್ತು.

ಐದನೇ ದಿನ 80 ಪಾಯಿಂಟ್, 2,200 ರೂಪಾಯಿ. ಅಷ್ಟು ಹೇಳಿದರೆ ಸಾಕು.

ಆ ಶನಿವಾರ ನೋಟ್‌ಬುಕ್ ಬಿಡಿಸಿ ಕೂತು ಮಾಡಿದ ಲೆಕ್ಕವೇ ಈ ಇಡೀ ವ್ಯವಹಾರದಲ್ಲಿ ನನಗೆ ದಕ್ಕಿದ್ದು. ಐದು ದಿನ ದಿನಕ್ಕೊಂದೇ ಸಲ, ಮುಕ್ತಾಯಕ್ಕೆ ಹೆಡ್ಜ್ ಮಾಡಿದ್ದರೆ ಏನಾಗುತ್ತಿತ್ತು? ದಿನದ ಸರಿತಗಳು 0, 60, 330, 0, 80. ಇವುಗಳ ವರ್ಗಗಳನ್ನು ಕೂಡಿದರೆ 1,18,900. ಸರಿ, ಐದೂ ದಿನ ತಪ್ಪದೆ ನೂರಹತ್ತಕ್ಕೊಮ್ಮೆ ಹೆಡ್ಜ್ ಮಾಡಿದ್ದರೆ? ಮೊದಲ ದಿನ ನೂರಹತ್ತರ ಎರಡು ಹೆಜ್ಜೆ, ಮೂರನೇ ದಿನ ಮೂರು, ನಾಲ್ಕನೇ ದಿನ ನಾಲ್ಕು, ಜೊತೆಗೆ ಆ 60 ಮತ್ತು 80. ಕೂಡಿದೆ. 1,18,900. ಕೂಡಿದ್ದು ತಪ್ಪಾಗಿದೆ ಅಂದುಕೊಂಡು ಮತ್ತೊಮ್ಮೆ ಕೂಡಿದೆ. ಅದೇ.

ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡಿದ್ದು ನಾನು ಅಂಕಿಗಳನ್ನು ದುಂಡಗೆ ಮಾಡಿದ್ದರಿಂದ ಆದ ಕಾಕತಾಳೀಯ. ಆದರೆ ಅದರ ಹಿಂದಿನ ಸಂಗತಿ ಕಾಕತಾಳೀಯವಲ್ಲ. ಒಂದೇ ದಿಕ್ಕಿಗೆ ಓಡುವ ದಿನ ತಡವಾಗಿ ಹೆಡ್ಜ್ ಮಾಡಿದವನು ಗೆಲ್ಲುತ್ತಾನೆ, ಉಯ್ಯಾಲೆಯಾಡುವ ದಿನ ಮೇಲಿಂದ ಮೇಲೆ ಮಾಡಿದವನು. ನಾಳೆ ಯಾವ ದಿನ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಎರಡು ಪದ್ಧತಿಗಳೂ ಸರಾಸರಿಯಲ್ಲಿ ಒಂದೇ ಕಡೆಗೆ ಬಂದು ನಿಲ್ಲುತ್ತವೆ. ಹೆಡ್ಜ್ ಮಾಡುವುದರಿಂದ ಏರಿಳಿತ ಹುಟ್ಟುವುದಿಲ್ಲ. ಆದ ಏರಿಳಿತವನ್ನು ಅದು ಯಾವ ಅಳತೆಗೋಲಿನಲ್ಲಿ ಅಳೆಯಬೇಕು ಎಂದಷ್ಟೇ ತೀರ್ಮಾನಿಸುತ್ತದೆ. ನಾನು ಓಡುವ ದಿನ ಸಣ್ಣ ಕೋಲು, ಉಯ್ಯಾಲೆಯ ದಿನ ದೊಡ್ಡ ಕೋಲು ಹಿಡಿದೆ. ಹಾಗಾಗಿ ನನ್ನ ಕೈಗೆ ಸಿಕ್ಕ ವರ್ಗಗಳ ಮೊತ್ತ 70,500 ಮಾತ್ರ. ಹಿಂದಿನ ದಿನದ ಸಿಟ್ಟಿನಲ್ಲಿ ನಿಯಮ ಬದಲಿಸಿದ್ದಕ್ಕೆ ತೆತ್ತ ಬೆಲೆ ಸುಮಾರು ಹದಿನಾರೂವರೆ ಸಾವಿರ.

ಇನ್ನೂ ಕಹಿಯಾದ ಮಾತೊಂದಿದೆ. ನಿಯಮ ಪಾಲಿಸಿದ್ದರೂ ನಾನು ಸೋಲುತ್ತಿದ್ದೆ. 1,18,900ನ್ನು ಐದರಿಂದ ಭಾಗಿಸಿ ವರ್ಗಮೂಲ ತೆಗೆದರೆ ದಿನಕ್ಕೆ 154 ಪಾಯಿಂಟ್. ಬಾಡಿಗೆ 187. ವರ್ಷದ ಲೆಕ್ಕಕ್ಕೆ ತಂದರೆ ನಾನು 12 ಪರ್ಸೆಂಟ್ ಕೊಟ್ಟು ಕೊಂಡ ಏರಿಳಿತ, ಮಾರುಕಟ್ಟೆ ನಿಜವಾಗಿ ಕೊಟ್ಟಿದ್ದು 9.8. ದುಬಾರಿಗೆ ಕೊಂಡಿದ್ದೆ, ಅಷ್ಟೇ. ಐದು ದಿನದ ಬಾಡಿಗೆ 61,250 ಎದುರಿಗೆ ಅತ್ಯುತ್ತಮ ಶಿಸ್ತಿನಿಂದಲೂ 41,000 ಚಿಲ್ಲರೆ ಬರುತ್ತಿತ್ತು. ನನ್ನ ಕೈಚಳಕಕ್ಕೆ ಬಂದಿದ್ದು ಇಪ್ಪತ್ನಾಲ್ಕು ಸಾವಿರ ಚಿಲ್ಲರೆ.

ಹೀಗಾದರೆ ನಷ್ಟ 36,400 ಆಗಬೇಕಿತ್ತಲ್ಲವೇ? ಖಾತೆಯಲ್ಲಿ ಕಾಣುತ್ತಿದ್ದದ್ದು 92,000ಕ್ಕೂ ಹೆಚ್ಚು.

ಉಳಿದಿದ್ದನ್ನು ತಿಂದದ್ದು ವೇಗಾ, ಅಂದರೆ ಐವಿ ಬದಲಾದಾಗ ಆಪ್ಷನ್ ಬೆಲೆ ಬದಲಾಗುವ ಪ್ರಮಾಣ. ಮಾರುಕಟ್ಟೆ ತೂಕಡಿಸುತ್ತಿದ್ದದ್ದನ್ನು ನಾನೊಬ್ಬನೇ ನೋಡುತ್ತಿರಲಿಲ್ಲವಲ್ಲ. ಆಪ್ಷನ್ ಮಾರುವವರೂ ನೋಡಿ ಬೆಲೆ ಇಳಿಸಿದ್ದರು. ಐವಿ 12ರಿಂದ 10.5ಕ್ಕೆ ಬಂದಿತ್ತು. 23 ದಿನ ಬಾಕಿಯಿರುವ ಆ ಸ್ಟ್ರ್ಯಾಡಲ್ ಐವಿಯ ಒಂದೊಂದು ಪರ್ಸೆಂಟಿಗೆ ಸುಮಾರು 50 ಪಾಯಿಂಟ್ ಏರಿಳಿಯುತ್ತದೆ. ಒಂದೂವರೆಗೆ 75 ಪಾಯಿಂಟ್, 750ಕ್ಕೆ 56,000 ರೂಪಾಯಿ. ಐದು ದಿನ ನೂರಹತ್ತು ಪಾಯಿಂಟುಗಳ ಹಿಂದೆ ಬಿದ್ದವನಿಗೆ, ನಾಲ್ಕೂವರೆ ದಿನದ ಬಾಡಿಗೆಗೆ ಸಮನಾದ ಮೊತ್ತ ಇನ್ನೊಂದು ಬಾಗಿಲಿನಿಂದ ಸದ್ದಿಲ್ಲದೆ ಹೊರಟುಹೋಗಿದ್ದು ಕಂಡಿರಲಿಲ್ಲ. ಕಾಣದಿರಲು ಕಾರಣವೂ ಇತ್ತು. ಪರದೆಯಲ್ಲಿ ಆಪ್ಷನ್ನಿನ ನಷ್ಟ ಒಂದೇ ಅಂಕಿಯಾಗಿ ಕಾಣುತ್ತದೆ, ನಾನು ಅದನ್ನೆಲ್ಲ ಥೀಟಾ ಅಂತಲೇ ಬರೆದುಕೊಳ್ಳುತ್ತಿದ್ದೆ. ಸೋಮವಾರ ಎಲ್ಲವನ್ನೂ ಮಾರಿ ಹೊರಬಂದೆ.

ನನ್ನ ಭಾವ ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರ ಮಾಡುತ್ತಾರೆ. ಅವರು ವರ್ಷಗಳಿಂದ ಆಪ್ಷನ್ ಮಾರುವ ಕಡೆಯವರು. ನನ್ನ ಕತೆ ಕೇಳಿ ನಕ್ಕರು.

"ನಿನ್ನ ಬಾಡಿಗೆ ನನ್ನಂಥೋರಿಗೇ ಬಂದಿದ್ದು ಮಾರಾಯ. ನಾನು ದಿನಾ ಸಂಜೆ ಥೀಟಾ ಎಣಿಸ್ತೀನಿ."

"ಹಾಗಾದ್ರೆ ಏಪ್ರಿಲ್ ಏಳನೇ ತಾರೀಕು ಯಾಕೆ ಫೋನ್ ತೆಗೀಲಿಲ್ಲ ಭಾವ ನೀವು?"

ನಗು ನಿಂತಿತು. 2025ರ ಏಪ್ರಿಲ್ 7, ಸೋಮವಾರ. ಅಮೆರಿಕದ ಸುಂಕದ ಸುದ್ದಿಗೆ ಜಗತ್ತಿನ ಮಾರುಕಟ್ಟೆಗಳೆಲ್ಲ ಕುಸಿದಿದ್ದವು. ಶುಕ್ರವಾರ 22,904ಕ್ಕೆ ಮುಗಿದಿದ್ದ ನಿಫ್ಟಿ ಸಾವಿರಕ್ಕೂ ಹೆಚ್ಚು ಪಾಯಿಂಟ್ ಕೆಳಗೆ ತೆರೆಯಿತು. ಭಾವ ಶುಕ್ರವಾರ ಸಂಜೆ ಅಚ್ಚುಕಟ್ಟಾಗಿ ಡೆಲ್ಟಾ ಸೊನ್ನೆ ಮಾಡಿಯೇ ಮನೆಗೆ ಹೋಗಿದ್ದರು. ಆದರೆ ಆ ಸೊನ್ನೆ ಶುಕ್ರವಾರದ ಬೆಲೆಗೆ ಮಾತ್ರ. ಮಾರಿದ ಪುಟ್‌ಗಳು ಒಂದೇ ನೆಗೆತಕ್ಕೆ ಆಳಕ್ಕೆ ಹೋದವು, ನಡುವೆ ಹೆಡ್ಜ್ ಮಾಡಲು ಒಂದು ಕ್ಷಣವೂ ಸಿಗಲಿಲ್ಲ. ಸಾವಿರದ ವರ್ಗ ಈ ಸಲ ಅವರ ವಿರುದ್ಧ ನಿಂತಿತ್ತು. ಐವಿ ಕೂಡ ಹಾರಿತು. ನಿಫ್ಟಿಯ ಐವಿ ಅಳೆಯುವ ಸೂಚ್ಯಂಕ, ಶುಕ್ರವಾರ 14ರೊಳಗಿದ್ದ ಇಂಡಿಯಾ ವಿಕ್ಸ್, ಸೋಮವಾರ 22 ದಾಟಿತು. ಹೆದರಿದ ಭಾವ ಬೆಳಗಿನ ತಳದಲ್ಲೇ ಫ್ಯೂಚರ್ಸ್ ಮಾರಿ ಡೆಲ್ಟಾ ಸರಿಮಾಡಿಕೊಂಡರು. ಮಾರುಕಟ್ಟೆ ಅಲ್ಲಿಂದ ಸುಮಾರು ನಾನೂರು ಪಾಯಿಂಟ್ ಮೇಲೆದ್ದು 22,161ಕ್ಕೆ ಮುಗಿಯಿತು. ತಳದಲ್ಲಿ ಮಾರಿದ್ದನ್ನು ಮೇಲೆ ಕೊಳ್ಳಬೇಕಾಯಿತು. ಮಾರುವವರ ಹೆಡ್ಜ್ ಎಂದರೆ ಇದೇ: ಏರಿದಾಗ ಕೊಳ್ಳಬೇಕು, ಇಳಿದಾಗ ಮಾರಬೇಕು, ಪ್ರತಿ ಸಲವೂ ಸ್ವಲ್ಪ ಕಳೆದುಕೊಳ್ಳಬೇಕು, ಆ ಸ್ವಲ್ಪಗಳ ಮೊತ್ತ ಬಂದ ಬಾಡಿಗೆಗಿಂತ ಕಡಿಮೆಯಿರಲಿ ಎಂದು ಹಾರೈಸಬೇಕು. ಅವರ ಎಷ್ಟು ತಿಂಗಳ ಬಾಡಿಗೆ ಅವತ್ತು ಹೋಯಿತು ಎಂದು ಅಕ್ಕನಿಗೂ ಹೇಳಿಲ್ಲ.

ಎರಡನೇ ಸಲ ಕೈ ಹಾಕುವಾಗ ವೇಗಾ ಕಡಿಮೆ ಮಾಡುವುದೇ ನನ್ನ ಮುಖ್ಯ ಚಿಂತೆ. ಎಕ್ಸ್‌ಪೈರಿ ಹತ್ತಿರವಿದ್ದಷ್ಟೂ ಗ್ಯಾಮಾ ಜಾಸ್ತಿ. 30 ದಿನದ ಬದಲು ಏಳೆಂಟು ದಿನ ಬಾಕಿಯಿರುವ ಸ್ಟ್ರ್ಯಾಡಲ್ ತೆಗೆದುಕೊಂಡರೆ ಗ್ಯಾಮಾ ಎರಡು ಪಟ್ಟಾಗುತ್ತದೆ, ಬೆಲೆ ಅರ್ಧವಾಗುತ್ತದೆ. ಹಾಗಾಗಿ ಐದೇ ಲಾಟಿನಲ್ಲಿ ಅದೇ 0.7 ಸಿಕ್ಕಿತು, ವೇಗಾ ಮೊದಲಿನ ಕಾಲು ಭಾಗಕ್ಕಿಳಿಯಿತು. ಬಾಡಿಗೆಯೂ ಇಳಿಯಬಹುದೆಂಬ ಆಸೆಯಿತ್ತು. ಇಳಿಯಲಿಲ್ಲ. ಐವಿ 12 ಇರುವವರೆಗೆ ಯಾವ ಎಕ್ಸ್‌ಪೈರಿ ತೆಗೆದುಕೊಂಡರೂ ದಿನಕ್ಕೆ ಅದೇ 187 ಪಾಯಿಂಟ್. ಗ್ಯಾಮಾ ಹೆಚ್ಚಿದಷ್ಟೇ ಥೀಟಾವೂ ಹೆಚ್ಚುತ್ತದೆ. ಇನ್ನೊಂದು ತೊಂದರೆ ಹೊಸದಾಗಿ ಸೇರಿತು: ಹತ್ತಿರದ ಎಕ್ಸ್‌ಪೈರಿಯ ಗ್ಯಾಮಾ ಸ್ಟ್ರೈಕಿನ ಆಸುಪಾಸಿನಲ್ಲೇ ಗುಡ್ಡೆ ಬಿದ್ದಿರುತ್ತದೆ. ನಿಫ್ಟಿ ನಾನೂರು ಐನೂರು ಪಾಯಿಂಟ್ ದೂರ ಹೋದರೆ ಹೆಡ್ಜ್ ಮಾಡಲು ಬೇಕಾದ ಗ್ಯಾಮಾ ಬಹಳಷ್ಟು ಇಳಿದಿರುತ್ತದೆ, ಹಳೆಯದನ್ನು ಮಾರಿ ಹೊಸ ಸ್ಟ್ರೈಕಿಗೆ ಹೋಗಬೇಕು, ಅದಕ್ಕೆ ಮತ್ತೆ ಖರ್ಚು.

ಈ ಸಲ ನೂರಹತ್ತರ ನಿಯಮವನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಮೊದಲ ದಿನ ಮೇಲೊಂದು ಸುತ್ತು, ಕೆಳಗೊಂದು ಸುತ್ತು, ನಾಲ್ಕು ಹೆಡ್ಜ್, 16,500. ಎರಡನೇ ದಿನ ಒಂದು ಹೆಜ್ಜೆ ಹಾಕಿ ಇನ್ನೈವತ್ತು ಸರಿದು ನಿಂತಿತು, ಐದು ಸಾವಿರ. ಮೂರನೇ ದಿನ 240 ಪಾಯಿಂಟ್ ಮೇಲೆ ತೆರೆಯಿತು. ಆ ನೆಗೆತ ಸುಮಾರು ಇಪ್ಪತ್ತು ಸಾವಿರ ತಂದುಕೊಟ್ಟಿತು, ಅದಕ್ಕಾಗಿ ನಾನು ಮಾಡಿದ ಕೆಲಸವೆಂದರೆ ಒಂಬತ್ತೂಕಾಲಿಗೆ ಎರಡು ಲಾಟ್ ಮಾರಿದ್ದು. ಆಮೇಲೆ ಮಾರುಕಟ್ಟೆ ಮಲಗಿತು, ನಾನು ಎಲ್ಲ ಮುಗಿಸಿ ಹೊರಬಂದೆ.

ವರ್ಗಗಳನ್ನು ಕೂಡಿ ನೋಡಿದರೆ ದಿನಕ್ಕೆ ಸರಾಸರಿ 200 ಪಾಯಿಂಟ್, ವರ್ಷಕ್ಕೆ 12.7 ಪರ್ಸೆಂಟ್. 12ಕ್ಕೆ ಕೊಂಡು 12.7 ಪಡೆದಿದ್ದೆ. ಗ್ಯಾಮಾದಲ್ಲಿ ಬಂದಿದ್ದರಿಂದ ಥೀಟಾ ಕಳೆದರೆ ಐದು ಸಾವಿರದ ಹತ್ತಿರ ಲಾಭ. ಐವಿ ಅರ್ಧ ಪರ್ಸೆಂಟ್ ಇಳಿದಿತ್ತು, ಐದು ಸಾವಿರ ಅಲ್ಲಿಗೆ ಹೋಯಿತು. ಇನ್ನು ಖರ್ಚು. 2024ರ ಅಕ್ಟೋಬರ್‌ನಿಂದ ಫ್ಯೂಚರ್ಸ್ ಮಾರುವಾಗ ಕಟ್ಟುವ ವಹಿವಾಟು ತೆರಿಗೆಯಾದ ಎಸ್‌ಟಿಟಿ 0.02 ಪರ್ಸೆಂಟ್ ಆಗಿತ್ತು. ಕೇಳಲು ಏನೂ ಅಲ್ಲ, ಆದರೆ ಅದು ಬೀಳುವುದು ಲಾಭದ ಮೇಲಲ್ಲ, ಹದಿನೆಂಟು ಮುಕ್ಕಾಲು ಲಕ್ಷದ ಪೂರ್ತಿ ಲಾಟಿನ ಮೇಲೆ. ಒಂದೊಂದು ಸಲ ಮಾರಿದಾಗಲೂ 375 ರೂಪಾಯಿ. ಬ್ರೋಕರೇಜ್, ಎಕ್ಸ್‌ಚೇಂಜಿನ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಜಾರಿದ ಒಂದೆರಡು ಪಾಯಿಂಟ್ ಎಲ್ಲ ಸೇರಿ ಮೂರು ದಿನಕ್ಕೆ ಮೂರು ಸಾವಿರ ಚಿಲ್ಲರೆ.

ಭಾವನಿಗೆ ಫೋನ್ ಮಾಡಿ ಹೇಳಿದೆ. ನಿಯಮ ತಪ್ಪಲಿಲ್ಲ, ಏರಿಳಿತವೂ ಕೊಂಡ ಬೆಲೆಗಿಂತ ಹೆಚ್ಚೇ ಬಂತು, ಆದರೂ ಮೂರು ಸಾವಿರ ನಷ್ಟ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"12ಕ್ಕೆ ತಗೊಂಡಿದ್ದೇ ಜಾಸ್ತಿ ಆಯ್ತು ಅನ್ಸುತ್ತೆ," ಅಂದರು. "ಹನ್ನೊಂದಕ್ಕೆ ಸಿಗೋವರೆಗೂ ಕಾಯ್ಬೇಕಿತ್ತು ನೀನು."

"ಹನ್ನೊಂದಕ್ಕೆ ನೀವು ಮಾರ್ತೀರಾ ಭಾವ?"

"ನಾನ್ಯಾಕೆ ಮಾರ್ಲಿ?"